ಪುಲ್‌ಬ್ಯಾಕ್ ಮುಗಿದ ಮೇಲೆ ಟಾರ್ಗೆಟ್ ಎಲ್ಲಿಡಬೇಕು? ಮೂರು ಬಿಂದುಗಳ ಫಿಬೊನಾಚಿ ಬಳಸಿದವರ ಅನುಭವ

ತುಮಕೂರಿನಿಂದ ಕೇಳಿದ್ದು

ನಿಫ್ಟಿ ಡೈಲಿ ಚಾರ್ಟ್ ನೋಡಿ ಟ್ರೇಡ್ ಮಾಡೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಪುಲ್‌ಬ್ಯಾಕ್‌ನಲ್ಲಿ ತಗೊಳ್ಳೋದು ಬರುತ್ತೆ, ಎಲ್ಲಿ ಮಾರಬೇಕು ಅನ್ನೋದು ಗೊತ್ತಾಗಲ್ಲ. ಫಿಬೊನಾಚಿ ಎಕ್ಸ್‌ಟೆನ್ಶನ್ ಎಳೆದ್ರೆ ನನಗೊಂದು ನಂಬರ್ ಬರುತ್ತೆ, ನನ್ನ ಗೆಳೆಯನಿಗೆ ಇನ್ನೊಂದು. ಆ ಗೆರೆಗಳನ್ನ ಎಷ್ಟು ನಂಬಬಹುದು? ಬಳಸಿದವರು ದಯವಿಟ್ಟು ಹೇಳಿ.

ಮೈಸೂರು, ಹದಿನಾಲ್ಕು ವರ್ಷದಿಂದ ಪೊಸಿಷನಲ್ ಟ್ರೇಡ್

ಒಂದು ನಿಜವಾದ ಚಾರ್ಟ್ ಇಟ್ಟುಕೊಂಡೇ ಹೇಳುತ್ತೇನೆ. ನೀವೂ ತೆರೆದು ನೋಡಿ.

2022ರ ಜೂನ್ 17ರಂದು ನಿಫ್ಟಿ 15,183ರಲ್ಲಿ ತಳ ಕಂಡಿತು. ಅದು ಎ. ಅಲ್ಲಿಂದ ಏರಿ ಡಿಸೆಂಬರ್ 1ರಂದು 18,888 ಮುಟ್ಟಿತು. ಅದು ಬಿ. ಆಮೇಲೆ ಮೂರೂವರೆ ತಿಂಗಳು ಇಳಿದು 2023ರ ಮಾರ್ಚ್ 20ರಂದು 16,828ಕ್ಕೆ ಬಂತು. ಅದು ಸಿ. ಏರಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಕೊಟ್ಟಿತ್ತು, ಆದರೆ ಎ ಹತ್ತಿರಕ್ಕೂ ಹೋಗಿರಲಿಲ್ಲ. ಲೆಕ್ಕ ಇಷ್ಟೇ:

```
target = C + r × (B − A)
```

ಮೊದಲ ಏರಿನ ಉದ್ದ 3,704 ಪಾಯಿಂಟ್. ಆ ಉದ್ದದ r ಪಾಲನ್ನು ಎತ್ತಿ ಸಿ ಮೇಲೆ ಇಡುತ್ತೇವೆ. 0.618 ಪಾಲು ಇಟ್ಟರೆ 19,118. ಪೂರ್ತಿ ಇಟ್ಟರೆ 20,533. 1.618 ಪಾಲು ಇಟ್ಟರೆ 22,822.

ಈಗ ಮುಖ್ಯವಾದ ಮಾತು. ಮಾರ್ಚ್ 20ರ ಸಂಜೆ ಅದೇ ತಳ ಅಂತ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಚಾರ್ಟ್‌ನಲ್ಲಿ ಸಿ ಸುಲಭವಾಗಿ ಕಾಣುತ್ತದೆ, ನಡೆಯುತ್ತಿರುವ ಮಾರ್ಕೆಟ್‌ನಲ್ಲಿ ಕಾಣುವುದಿಲ್ಲ. ಹಾಗಾಗಿ ತಳದಿಂದ ಎದ್ದ ಮೊದಲ ಸಣ್ಣ ಏರಿನ ತುದಿಯನ್ನು ದಾಟಿ ಒಂದು ದಿನ ಕ್ಲೋಸ್ ಆಗುವವರೆಗೂ ನಾನು ಗೆರೆ ಎಳೆಯುವುದಿಲ್ಲ. ಆ ಸಲ ಅದು ಮಾರ್ಚ್ 31ರಂದು ಆಯಿತು. ಕ್ಲೋಸ್ 17,360. ಸಿ ಕೆಳಗೆ ಸ್ಟಾಪ್ ಇಟ್ಟರೆ ಸುಮಾರು 530 ಪಾಯಿಂಟ್ ರಿಸ್ಕ್. ಮೊದಲ ಗೆರೆಗೆ 1,750 ಪಾಯಿಂಟ್ ದೂರ. ಒಂದಕ್ಕೆ ಮೂರಕ್ಕಿಂತ ಜಾಸ್ತಿ ಸಿಗುವ ಜಾಗ.

ಕೆಲವರು ಬಿ ಒಡೆಯಲಿ ಅಂತ ಕಾಯುತ್ತಾರೆ. ಅದು ಒಡೆದದ್ದು ಜೂನ್ ಕೊನೆಯಲ್ಲಿ. 18,900ರ ಹತ್ತಿರ ತೆಗೆದುಕೊಂಡವರಿಗೆ ಮೊದಲ ಗೆರೆ ಬರೀ 220 ಪಾಯಿಂಟ್ ದೂರ, ಸಿ ಮಾತ್ರ 2,000 ಪಾಯಿಂಟ್ ಕೆಳಗೆ. ಗೆರೆ ಅದೇ, ಟ್ರೇಡ್ ಬೇರೆ. ಟಾರ್ಗೆಟ್ ಸರಿ ಇತ್ತಾ ಅಂತ ಕೇಳುವ ಮೊದಲು, ನೀವು ಒಳಗೆ ಹೋದ ಜಾಗದಿಂದ ಅದು ಟಾರ್ಗೆಟ್ ಅನ್ನಿಸಿಕೊಳ್ಳುತ್ತದಾ ಅಂತ ನೋಡಿ.

ಹುಬ್ಬಳ್ಳಿ, ಸ್ವಿಂಗ್ ಟ್ರೇಡರ್

ಇಷ್ಟೆಲ್ಲ ಯಾಕೆ ಬೇಕು ಸರ್. ನಾನು Fib Retracement ಅನ್ನೇ ಬಿ ಇಂದ ಎ ವರೆಗೆ ಎಳೆದು, ಸೆಟ್ಟಿಂಗ್‌ನಲ್ಲಿ 1.272 ಟಿಕ್ ಮಾಡುತ್ತೇನೆ. ನೀವು ಹೇಳಿದ ಚಾರ್ಟ್‌ನಲ್ಲೇ ಈಗ ಹಾಕಿ ನೋಡಿದೆ, 19,895 ಬಂತು. 2023ರ ಜುಲೈ 20ರಂದು ನಿಫ್ಟಿ 19,992 ಮುಟ್ಟಿ ತಿರುಗಿತು. 100 ಪಾಯಿಂಟ್ ಒಳಗೆ! ಎರಡು ಟೂಲೂ ಒಂದೇ, ಮೂರನೇ ಬಿಂದು ಸುಮ್ನೆ ಹೆಚ್ಚಿನ ಕೆಲಸ.

ಮೈಸೂರು

ನಿಮ್ಮ ಲೆಕ್ಕ ಸರಿಯಾಗಿದೆ ಸರ್, ಆದರೆ ಎರಡೂ ಒಂದೇ ಅಲ್ಲ. ನಿಮ್ಮ ಗೆರೆ ಎ ಮೇಲಿಂದ ಅಳೆಯುತ್ತದೆ, ನನ್ನದು ಸಿ ಮೇಲಿಂದ. ಪುಲ್‌ಬ್ಯಾಕ್ ನೂರು ಪಾಯಿಂಟ್ ಇಳಿದಿರಲಿ, ಎರಡು ಸಾವಿರ ಇಳಿದಿರಲಿ, ನಿಮಗೆ ಬರುವುದು ಅದೇ 19,895. ಮೂರು ಬಿಂದುವಿನದು ಹಾಗಲ್ಲ. ಪುಲ್‌ಬ್ಯಾಕ್ ಆಳವಾದಷ್ಟೂ ಟಾರ್ಗೆಟ್ ಕೆಳಗೆ ಬರುತ್ತದೆ. ಸುಸ್ತಾದ ಮಾರ್ಕೆಟ್‌ನಿಂದ ಕಡಿಮೆ ಕೇಳುವುದು ನನಗೆ ಸರಿ ಅನ್ನಿಸುತ್ತದೆ.

ಇನ್ನೊಂದು ವಿಷಯ. ಎರಡೂ ಟೂಲ್ ಹಾಕಿ, ಎರಡರಲ್ಲೂ ಐದಾರು ಗೆರೆ ಇಟ್ಟುಕೊಂಡರೆ ಚಾರ್ಟ್ ತುಂಬ ಗೆರೆ. ಬೆಲೆ ಎಲ್ಲಿ ನಿಂತರೂ ಒಂದು ಗೆರೆ ಪಕ್ಕದಲ್ಲೇ ಇರುತ್ತದೆ. ಆಗ ಅದು ಕೆಲಸ ಮಾಡಿತು ಅನ್ನುವುದಕ್ಕೆ ಅರ್ಥ ಇರುವುದಿಲ್ಲ. ಯಾವುದನ್ನು ಬಳಸುತ್ತೀರಿ ಅಂತ ಮೊದಲೇ ಬರೆದಿಟ್ಟು, ಅದನ್ನೇ ಬಳಸಿ.

ಶಿವಮೊಗ್ಗ, ಶಾಲಾ ಶಿಕ್ಷಕಿ

ನನ್ನದೂ ಇದೇ ತೊಂದರೆ ಅನ್ನಿಸಿ ಬರೆಯುತ್ತಿದ್ದೇನೆ. ಒಂದು ಶೇರು ಏರಿದ್ದರಲ್ಲಿ 61.8% ವಾಪಸ್ ಕೊಟ್ಟು ಆ ಗೆರೆಗೆ ಇಳಿದಾಗ ತೆಗೆದುಕೊಂಡೆ. ಅಲ್ಲಿಂದ ಏಳುತ್ತದೆ ಅಂತ ಎಲ್ಲರೂ ಹೇಳಿದ್ದರು. ಎರಡು ದಿನ ಎದ್ದಿತು, ಮೂರನೇ ದಿನ ತಳ ಒಡೆಯಿತು. ನಾನು ಸಿ ಅನ್ನು ಹೊಸ ತಳಕ್ಕೆ ಎಳೆದು ಟಾರ್ಗೆಟ್ ಮತ್ತೆ ಹಾಕಿದೆ. ಮುಂದಿನ ವಾರ ಮತ್ತೆ ಒಡೆಯಿತು, ಮತ್ತೆ ಎಳೆದೆ. ಹೀಗೆ ನಾಲ್ಕು ಸಲ. ಪ್ರತಿ ಸಲವೂ ಪರದೆ ಮೇಲೆ ಚೆಂದದ ಹಸಿರು ಪಟ್ಟಿಗಳು ಬರುತ್ತಿದ್ದವು, ಟಾರ್ಗೆಟ್ ಮಾತ್ರ ಪ್ರತಿ ಸಲ ಕೆಳಗೆ. ಕೊನೆಗೆ ಎ ಕೂಡ ಒಡೆದಾಗ ಮಾರಿದೆ. ತುಂಬ ನೋವಾಯಿತು. 61.8 ಬದಲು 50ರಲ್ಲಿ ತೆಗೆದುಕೊಳ್ಳಬೇಕಿತ್ತಾ?

ಮೈಸೂರು

ಇಲ್ಲ ಮೇಡಂ, 50ರಲ್ಲಿ ತೆಗೆದುಕೊಂಡಿದ್ದರೆ ನಷ್ಟ ಇನ್ನೂ ಜಾಸ್ತಿ ಆಗುತ್ತಿತ್ತು. ಅದು ಇನ್ನೂ ಮೇಲಿನ ಬೆಲೆ ಅಲ್ವಾ. ನೀವು ಕೇಳುತ್ತಿರುವುದು ಎಲ್ಲಿ ಕೊಳ್ಳಬೇಕು ಅಂತ, ಇಲ್ಲಿ ಮಾತು ಎಲ್ಲಿ ಮಾರಬೇಕು ಅಂತ. ಆದರೆ ನೀವು ಬರೆದದ್ದರಲ್ಲೇ ಎಲ್ಲರಿಗೂ ಬೇಕಾದ ವಿಷಯ ಇದೆ. ಸಿ ಒಡೆದ ಕ್ಷಣ ಆ ಮೂರು ಬಿಂದುವಿನ ಲೆಕ್ಕ ಸತ್ತಂತೆ. ಟ್ರೇಡ್ ಒಳಗೆ ಇರುವಾಗ ಸಿ ಅನ್ನು ಕೆಳಗೆ ಜರುಗಿಸಿದರೆ, ಸ್ಟಾಪನ್ನೂ ಜೊತೆಗೆ ಜರುಗಿಸಿದ ಹಾಗೆ. ಹೊರಗೆ ಬನ್ನಿ, ಹೊಸ ತಳ ಆಗಲಿ, ಮತ್ತೆ ಅಳೆಯಿರಿ. ಎ ಒಡೆದ ಮೇಲಂತೂ ಅಲ್ಲಿ ಏರಿಕೆಯ ಟ್ರೆಂಡೇ ಉಳಿದಿರುವುದಿಲ್ಲ.

ದುಬೈ, ಎಂಜಿನಿಯರ್, ಊರು ಉಡುಪಿ

ತುಮಕೂರಿನವರ ಗೆಳೆಯನಿಗೆ ಬೇರೆ ನಂಬರ್ ಬರುವುದಕ್ಕೆ ಇನ್ನೊಂದು ಕಾರಣ ಇರಬಹುದು. ಮೊದಲು ನಾನು ಕ್ಯಾಂಡಲ್‌ನ ಬಾಲ ಹಿಡಿಯಬೇಕಾ, ಕ್ಲೋಸ್ ಹಿಡಿಯಬೇಕಾ ಅನ್ನುವುದೇ ದೊಡ್ಡ ವ್ಯತ್ಯಾಸ ಅಂದುಕೊಂಡಿದ್ದೆ. ಇದೇ ಚಾರ್ಟ್‌ನಲ್ಲಿ ಕ್ಲೋಸ್ ಹಿಡಿದು ನೋಡಿದೆ. ತಳದ ಕ್ಲೋಸ್ 15,294, ತುದಿಯದು 18,813. ಪುಲ್‌ಬ್ಯಾಕ್‌ನ ಅತಿ ಕೆಳಗಿನ ಕ್ಲೋಸ್ ಮಾರ್ಚ್ 20ರಂದು ಅಲ್ಲ, 24ರಂದು, 16,945. ಪೂರ್ತಿ ಉದ್ದದ ಟಾರ್ಗೆಟ್ 20,464 ಬಂತು. ಮೈಸೂರಿನವರ 20,533ಕ್ಕೂ ಇದಕ್ಕೂ 70 ಪಾಯಿಂಟ್ ಕೂಡ ವ್ಯತ್ಯಾಸ ಇಲ್ಲ.

ದೊಡ್ಡ ವ್ಯತ್ಯಾಸ ತರುವುದು ಲಾಗ್ ಸ್ಕೇಲ್. TradingView ಚಾರ್ಟ್‌ನಲ್ಲಿ Trend-Based Fib Extension ಸೆಟ್ಟಿಂಗ್ ಒಳಗೆ ಲಾಗ್ ಪ್ರಕಾರ ಗೆರೆ ಹಾಕುವ ಟಿಕ್ ಒಂದಿದೆ. ಅದು ಆನ್ ಇದ್ದರೆ ಪಾಯಿಂಟ್ ಬದಲು ಶೇಕಡಾ ಲೆಕ್ಕ ಆಗುತ್ತದೆ. ಎ ಇಂದ ಬಿ ವರೆಗೆ 24.4% ಏರಿತ್ತು. ಸಿ ಮೇಲೆ ಅಷ್ಟೇ ಶೇಕಡಾ ಇಟ್ಟರೆ 20,934. ಅಂದರೆ 400 ಪಾಯಿಂಟ್ ಮೇಲೆ. ಇಬ್ಬರೂ ಕೂತು ಆ ಟಿಕ್ ನೋಡಿಕೊಳ್ಳಿ.

ಅಂದ ಹಾಗೆ, 2024ರ ಏಪ್ರಿಲ್‌ನಲ್ಲಿ ನಿಫ್ಟಿ 22,776, 22,783 ಅಂತ ಬಡಿದುಕೊಂಡು, ಮೇ 3ರಂದು 22,795 ಮುಟ್ಟಿ ಅಲ್ಲಿಂದ ಸುಮಾರು ಸಾವಿರ ಪಾಯಿಂಟ್ ಬಿತ್ತು. 1.618 ಗೆರೆ ಇರುವುದು 22,822ರಲ್ಲಿ. ಇದನ್ನು ನೋಡಿದಾಗ ನನಗೆ ಮೈ ಜುಂ ಅಂದಿತ್ತು.

ಮೈಸೂರು

ನನಗೂ ಹಾಗೇ ಆಗಿತ್ತು. ಆದರೂ ಅದರ ಮೇಲೆ ಭಾರ ಹಾಕಬೇಡಿ. ಸಿ ಆಗಿ ಹದಿಮೂರು ತಿಂಗಳು ಕಳೆದಿತ್ತು, ಮಧ್ಯೆ ಹೊಸ ತುದಿ, ಹೊಸ ತಳ ಎಲ್ಲ ಬಂದಿದ್ದವು. ಮೇ 23ರ ಹೊತ್ತಿಗೆ ಆ ಗೆರೆಯನ್ನೂ ದಾಟಿ 22,968ಕ್ಕೆ ಕ್ಲೋಸ್ ಆಯಿತು.

ಅದಕ್ಕಿಂತ 20,533ರ ಕಥೆ ಕಲಿಯಬೇಕಾದ್ದು. 19,118 ಗೆರೆಯಲ್ಲಿ ನಿಫ್ಟಿ ನಿಲ್ಲಲೇ ಇಲ್ಲ. ಜೂನ್ 30ರಂದು ದಾಟಿ 19,189ಕ್ಕೆ ಕ್ಲೋಸ್ ಆಯಿತು. ಸೆಪ್ಟೆಂಬರ್ 15ರಂದು 20,222 ಮುಟ್ಟಿತು. ಟಾರ್ಗೆಟ್‌ಗೆ 310 ಪಾಯಿಂಟ್ ಬಾಕಿ. ನಾನು ಅರ್ಧವನ್ನು 19,118ರ ಹತ್ತಿರವೇ ಮಾರಿ, ಉಳಿದರ್ಧಕ್ಕೆ 20,533 ಅಂತ ಆರ್ಡರ್ ಹಾಕಿ ಕೂತಿದ್ದೆ. ಅದು ಬರಲಿಲ್ಲ. ಅಕ್ಟೋಬರ್ 26ಕ್ಕೆ 18,838. ಮೊದಲ ಗೆರೆಗಿಂತಲೂ ಕೆಳಗೆ ಬಂತು. ಸ್ಟಾಪನ್ನು ಹಿಂದಿನ ಸ್ವಿಂಗ್ ತಳದ ಕೆಳಗೆ ಏರಿಸಿಕೊಂಡು ಬಂದಿದ್ದೆ, ಅದರಲ್ಲಿ ಹೊರಗೆ ಬಂದೆ. ಡಿಸೆಂಬರ್ 4ರಂದು ನಿಫ್ಟಿ 20,687ಕ್ಕೆ ಕ್ಲೋಸ್ ಆದಾಗ ನನ್ನ ಹತ್ತಿರ ಏನೂ ಇರಲಿಲ್ಲ. ಗೆರೆಗೆ ಬೆಲೆ ಬರುತ್ತದಾ ಅನ್ನುವುದಕ್ಕೂ, ಮಧ್ಯದ ಇಳಿತವನ್ನು ನೀವು ತಡೆದುಕೊಳ್ಳುತ್ತೀರಾ ಅನ್ನುವುದಕ್ಕೂ ತುಂಬ ದೂರ ಇದೆ. ಎಷ್ಟು ದಿನದಲ್ಲಿ ಅನ್ನುವುದನ್ನು ಈ ಟೂಲ್ ಹೇಳುವುದೇ ಇಲ್ಲ. ಆಮೇಲಿಂದ ನಾನು ಆರ್ಡರನ್ನು ಗೆರೆ ಮೇಲೆ ಇಡುವುದಿಲ್ಲ, ಸ್ವಲ್ಪ ಒಳಗೆ ಇಡುತ್ತೇನೆ. 310 ಪಾಯಿಂಟ್ ಒಳಗೆ ಯಾರೂ ಇಡುವುದಿಲ್ಲ ಬಿಡಿ, ಅದು ಬೇರೆ.

ಹುಬ್ಬಳ್ಳಿ

ಹಾಗಾದರೆ ಒಂದು ಕೇಳುತ್ತೇನೆ. ಎ ಜೂನ್ ತಳ ಅನ್ನುವುದು ಸರಿ, ಬಿ ಯಾಕೆ ಡಿಸೆಂಬರ್‌ದೇ ಆಗಬೇಕು? 2022ರ ಸೆಪ್ಟೆಂಬರ್ ಮಧ್ಯದಲ್ಲೇ 18,096 ಅಂತ ಒಂದು ಒಳ್ಳೆ ತುದಿ ಇತ್ತು. ಸೆಪ್ಟೆಂಬರ್ 30ಕ್ಕೆ 16,748ಕ್ಕೆ ಪುಲ್‌ಬ್ಯಾಕ್. ಅದನ್ನೇ ಹಿಡಿದರೆ?

ಮೈಸೂರು

ಹಿಡಿಯಬಹುದು, ಅದೂ ಸರಿಯಾದ ಮೂರು ಬಿಂದುವೇ. ಲೆಕ್ಕ ಹಾಕಿದೆ. ಮೊದಲ ಗೆರೆ 18,548, ಪೂರ್ತಿ ಉದ್ದದ್ದು 19,660. ನಿಫ್ಟಿ ನಿಂತದ್ದು 18,888ರಲ್ಲಿ. ಮೊದಲನೆಯದನ್ನು 340 ದಾಟಿ, ಎರಡನೆಯದಕ್ಕೆ 770 ಬಾಕಿ ಇಟ್ಟು, ಮಧ್ಯದ ಖಾಲಿ ಜಾಗದಲ್ಲಿ ತಿರುಗಿತು. ಯಾವ ಗೆರೆಯೂ ಸಹಾಯ ಮಾಡಲಿಲ್ಲ. ಆಗಿದ್ದದ್ದು ಆಗಿದ್ದ ಹಾಗೇ ಹೇಳುತ್ತಿದ್ದೇನೆ.

ಬಿ ಯಾವುದು ಅನ್ನುವುದಕ್ಕೆ ನನ್ನ ಅಭ್ಯಾಸ: ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಇದ್ದೇನೋ ಆ ಅಳತೆಯ ಸ್ವಿಂಗ್. ಕೆಲವು ವಾರ ಅಂದರೆ ಸೆಪ್ಟೆಂಬರ್‌ದು, ಆರು ತಿಂಗಳು ಅಂದರೆ ಡಿಸೆಂಬರ್‌ದು. ಇದಕ್ಕಿಂತ ಗಟ್ಟಿ ನಿಯಮ ನನಗೆ ಸಿಕ್ಕಿಲ್ಲ.

ತುಮಕೂರು

ಎಲ್ಲರಿಗೂ ಧನ್ಯವಾದ. ಗೆಳೆಯನ ಫೋನ್ ನೋಡಿದೆ, ಲಾಗ್ ಟಿಕ್ ಆನ್ ಇತ್ತು. ಈಗ ಇಬ್ಬರದೂ ಒಂದೇ ನಂಬರ್. ಆದ್ರೆ ಲಾಗ್ ಇಡಬೇಕಾ, ತೆಗೀಬೇಕಾ ಅಂತ ಹೊಸ ವಾದ ಶುರು ಆಗಿದೆ.

ದುಬೈ

25% ಒಳಗಿನ ಏರಿಗೆ ನಾನು ತೆಗೆದೇ ಇಡುತ್ತೇನೆ. ಬೆಲೆ ದುಪ್ಪಟ್ಟು ಆದ ಶೇರಿಗೆ ಲಾಗ್ ಹಾಕುತ್ತೇನೆ. ಮೈಸೂರಿನವರು ಒಪ್ಪುತ್ತಾರೋ ಇಲ್ಲವೋ.

ಮೈಸೂರು

ದುಪ್ಪಟ್ಟಾದ ಶೇರಲ್ಲಿ ಲಾಗ್ ಟಾರ್ಗೆಟ್ ತುಂಬ ಮೇಲೆ ಹೋಗುತ್ತದೆ ಸರ್. ನಾನು ಅಲ್ಲೂ ಮಾಮೂಲಿ ಸ್ಕೇಲನ್ನೇ ನೋಡುತ್ತೇನೆ. ನಿಮ್ಮ ಹತ್ತಿರ ಲಾಗ್ ಗೆರೆಯಲ್ಲಿ ನಿಂತ ಚಾರ್ಟ್ ಇದ್ದರೆ ಎ, ಬಿ, ಸಿ ತಾರೀಖು ಹಾಕಿ, ನಾನೂ ಎಳೆದು ನೋಡುತ್ತೇನೆ.