ರಾತ್ರಿ ಮಾತ್ರ ಒಣ ಕೆಮ್ಮು, ಜೊತೆಗೆ ಸೋರುವ ಮೂಗು: ಮೂಗಿನದೋ, ದಮ್ಮೋ, ಹೊಟ್ಟೆಯದೋ?

ಪ್ರಶ್ನೆ (ತಾಯಿ, ಶಿವಮೊಗ್ಗ): ಡಾಕ್ಟರೇ, ನನ್ನ ಮಗನಿಗೆ ಐದೂವರೆ ವರ್ಷ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಮೂಗು ಸೋರುತ್ತಲೇ ಇದೆ. ಈಗ ಮೂರು ವಾರದಿಂದ ರಾತ್ರಿ ಒಣ ಕೆಮ್ಮು. ಹಗಲು ಆಡಿಕೊಂಡಿರುತ್ತಾನೆ, ಜ್ವರವಿಲ್ಲ, ಊಟ ಮಾಡುತ್ತಾನೆ. ಔಷಧಿ ಅಂಗಡಿಯವರು ಇದು ಗ್ಯಾಸ್ಟ್ರಿಕ್ ಕೆಮ್ಮು ಎಂದು ಸಿರಪ್ ಕೊಟ್ಟರು. ನಾದಿನಿ ದಮ್ಮು ಎನ್ನುತ್ತಾಳೆ. ನಮ್ಮ ಅತ್ತೆ ಕಫ ಗಂಟಲಿಗೆ ಇಳಿಯುತ್ತಿದೆ ಎನ್ನುತ್ತಾರೆ. ಯಾರ ಮಾತು ಸರಿ? ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ ಎಂಬ ಭಯವೂ ಇದೆ.

ಮಕ್ಕಳ ವೈದ್ಯೆ: ಅಮ್ಮಾ, ಯಾರ ಮಾತು ಸರಿ ಎಂದು ಹೇಳುವ ಮೊದಲು ಗಡಿಯಾರ ನೋಡಬೇಕು. ರಾತ್ರಿ ಕೆಮ್ಮು ಎಂದರೆ ಎಷ್ಟು ಗಂಟೆಗೆ? ಮಲಗಿದ ಅರ್ಧ ಗಂಟೆಯೊಳಗೆ ಶುರುವಾಗಿ, ಒಂದಿಷ್ಟು ಹೊತ್ತು ಕಾಡಿ, ನೀರು ಕುಡಿದು ಮೂಗು ಸೀನಿದ ಮೇಲೆ ನಿಂತು ಮಗು ನಿದ್ದೆಗೆ ಜಾರಿದರೆ ನನ್ನ ಅನುಮಾನ ಮೂಗಿನ ಕಡೆ ಹೋಗುತ್ತದೆ. ಅಂಥ ಮಗು ಗಂಟಲು ಕೆರೆಯುತ್ತದೆ ಎನ್ನುತ್ತದೆ, ಆಗಾಗ ಖರ್ ಖರ್ ಎಂದು ಗಂಟಲು ಸರಿಮಾಡಿಕೊಳ್ಳುತ್ತದೆ, ಬೆಳಿಗ್ಗೆ ಎದ್ದಾಗ ಇನ್ನೊಮ್ಮೆ ಕೆಮ್ಮುತ್ತದೆ.

ದಮ್ಮಿನ ಕೆಮ್ಮು ಹೆಚ್ಚಾಗಿ ಹೀಗಿರುವುದಿಲ್ಲ. ಮಗು ಸುಮ್ಮನೆ ಮಲಗಿಬಿಡುತ್ತದೆ, ಬೆಳಗಿನ ಜಾವ ಎರಡರಿಂದ ನಾಲ್ಕರ ನಡುವೆ ಕೆಮ್ಮಿಗೇ ಎಚ್ಚರವಾಗಿ ಎದ್ದು ಕೂರುತ್ತದೆ. ಆ ಹೊತ್ತಿನಲ್ಲಿ ಶ್ವಾಸನಾಳ ಸಹಜವಾಗಿಯೇ ಸ್ವಲ್ಪ ಬಿಗಿಯಾಗುತ್ತದೆ, ದಮ್ಮಿರುವವರಲ್ಲಿ ಇನ್ನೂ ಬಿಗಿಯಾಗುತ್ತದೆ. ಹಗಲಿನಲ್ಲಿಯೂ ಓಡಿದಾಗ, ಜೋರಾಗಿ ನಕ್ಕಾಗ, ತಣ್ಣನೆಯ ಗಾಳಿಗೆ ಹೋದಾಗ ಕೆಮ್ಮು ಬರುತ್ತದೆ. ಉಸಿರು ಹೊರಬಿಡುವಾಗ ಸುಂಯ್ ಎನ್ನುವ ಸದ್ದು ಕೇಳಿದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಹಗಲು ಹನ್ನೊಂದಕ್ಕೆ ಕ್ಲಿನಿಕ್ಕಿಗೆ ಬಂದ ಮಗುವಿನ ಎದೆಯಲ್ಲಿ ನಮಗೆ ಏನೂ ಕೇಳಿಸದೆ ಇರಬಹುದು, ರಾತ್ರಿಯ ಆ ಒಂದು ನಿಮಿಷ ತುಂಬ ಹೇಳುತ್ತದೆ.

ಹಾಗಾಗಿ ಕೆಲವು ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ: ಮಲಗಿದ್ದು ಎಷ್ಟಕ್ಕೆ, ಕೆಮ್ಮಿದ್ದು ಎಷ್ಟಕ್ಕೆ, ನಿದ್ದೆ ಕೆಟ್ಟಿತೇ, ವಾಂತಿಯಾಯಿತೇ, ಅಂದು ಓಡಿದಾಗ ಕೆಮ್ಮಿದನೇ. ಮಗು ಹಿಂದೆ ನೆಬುಲೈಸರ್ ತೆಗೆದುಕೊಂಡಿತ್ತೇ, ಚರ್ಮದಲ್ಲಿ ತುರಿಕೆಯ ಒಣ ಕಲೆಗಳಿದ್ದವೇ, ಅಪ್ಪ ಅಮ್ಮನಿಗೆ ದಮ್ಮು ಅಥವಾ ಅಲರ್ಜಿ ಇದೆಯೇ ಎಂಬುದನ್ನೂ ತಿಳಿಸಿ.

ಒಂದು ಮಾತು ಮಾತ್ರ ಕಾಯುವಂಥದ್ದಲ್ಲ. ಪಕ್ಕೆ ಒಳಕ್ಕೆ ಎಳೆದುಕೊಳ್ಳುವುದು, ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 40 ದಾಟುವುದು, ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು, ತುಟಿ ನೀಲಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಕಡಲೆಬೀಜವೋ ಬೇರೇನೋ ತಿನ್ನುವಾಗ ಒಮ್ಮೆಲೇ ಉಸಿರುಕಟ್ಟಿ ಶುರುವಾದ ಕೆಮ್ಮಾಗಿದ್ದರೂ ಹಾಗೆಯೇ.

ಒಬ್ಬ ಅಜ್ಜಿ, ಹಾಸನ: ತಾಯೀ, ನಿಮ್ಮ ಅತ್ತೆ ಹೇಳಿದ್ದೇ ಸರಿ. ನೆಗಡಿ ಇದ್ದ ಮೇಲೆ ಅದು ಗಂಟಲಿಗೆ ಇಳಿಯದೆ ಎಲ್ಲಿ ಹೋಗುತ್ತದೆ? ದೊಡ್ಡಪತ್ರೆ ರಸಕ್ಕೆ ಜೇನುತುಪ್ಪ ಬೆರೆಸಿ ಕೊಡಿ, ಪಾತ್ರೆಯಲ್ಲಿ ನೀರು ಕುದಿಸಿ ಹಬೆ ಹಿಡಿಸಿ, ಸಂಜೆ ಲೋಬಾನದ ಹೊಗೆ ಹಾಕಿ. ನಮ್ಮ ಮಕ್ಕಳೆಲ್ಲ ಹೀಗೇ ಬೆಳೆದವರು.

ಮಕ್ಕಳ ವೈದ್ಯೆ: ಅಜ್ಜೀ, ಜೇನುತುಪ್ಪದ ಮಾತು ನಾನೂ ಒಪ್ಪುತ್ತೇನೆ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ನೆಗಡಿಯ ಕೆಮ್ಮು ಎಷ್ಟೋ ತಗ್ಗುತ್ತದೆ. ಆದರೆ ಕುದಿಯುವ ಪಾತ್ರೆ ಬೇಡ. ಅದು ಮಗುವಿನ ತೊಡೆಯ ಮೇಲೆ ಮಗುಚಿ ಸುಟ್ಟ ಗಾಯಗಳನ್ನು ನಾವು ನೋಡುತ್ತೇವೆ, ಕೆಮ್ಮಿಗೆ ಅದರಿಂದ ಆಗುವ ಲಾಭ ಬಹಳ ಕಡಿಮೆ. ಮೂಗಿಗೆ ಉಪ್ಪುನೀರಿನ ಹನಿ, ಅಂಗಡಿಯಲ್ಲಿ ಸಲೈನ್ ಡ್ರಾಪ್ಸ್ ಎಂದು ಸಿಗುತ್ತದೆ, ಮಲಗುವ ಮುಂಚೆ ಹಾಕಿ ಮೂಗು ಸೀನಿಸಿದರೆ ಸಾಕು. ಲೋಬಾನ, ಊದುಬತ್ತಿ, ಸೊಳ್ಳೆಬತ್ತಿಯ ಹೊಗೆ ಮಲಗುವ ಕೋಣೆಯಲ್ಲಿ ಬೇಡವೇ ಬೇಡ. ದಮ್ಮಿನ ಮಗುವಿಗೆ ಆ ಹೊಗೆಯೇ ಬೆಳಗಿನ ಜಾವದ ಕೆಮ್ಮು ತರಬಹುದು.

ಇನ್ನೊಂದು ಮಾತು. ಕಫ ಗಂಟಲಿಗೆ ಇಳಿಯುವುದರಿಂದಲೇ ಕೆಮ್ಮು ಬರುತ್ತದೆಯೇ ಎಂಬುದು ನಮ್ಮಲ್ಲಿಯೂ ಪೂರ್ತಿ ಇತ್ಯರ್ಥವಾಗಿಲ್ಲ. ಮೂಗಿನಲ್ಲಿರುವ ಊತವೇ ಕೆಳಗಿನ ಶ್ವಾಸನಾಳದಲ್ಲಿಯೂ ಇರುವುದು ಎಷ್ಟೋ ಮಕ್ಕಳಲ್ಲಿ ಕಾಣುತ್ತದೆ. ಮೂಗು ಸೋರುತ್ತಿದೆ ಎಂದ ಮಾತ್ರಕ್ಕೆ ದಮ್ಮನ್ನು ಪಟ್ಟಿಯಿಂದ ಕೈಬಿಡುವಂತಿಲ್ಲ.

ಒಬ್ಬ ತಂದೆ, ಹುಬ್ಬಳ್ಳಿ: ನನಗೆ ತಿಂಗಳುಗಟ್ಟಲೆ ಇದೇ ಥರ ರಾತ್ರಿ ಒಣ ಕೆಮ್ಮು ಇತ್ತು. ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಸರಿ ಇತ್ತು. ಕೊನೆಗೆ ಹುಳಿತೇಗಿನ ಮಾತ್ರೆ ನುಂಗಿದ ಮೇಲೆಯೇ ನಿಂತಿದ್ದು. ಔಷಧಿ ಅಂಗಡಿಯವರ ಮಾತನ್ನು ಅಷ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಕ್ಕಳ ವೈದ್ಯೆ: ಸರ್, ನಿಮ್ಮ ವಿಷಯದಲ್ಲಿ ಅದು ನಿಜವಿರಬಹುದು. ದೊಡ್ಡವರ ದೀರ್ಘ ಕೆಮ್ಮಿಗೆ ಆಮ್ಲ ಮೇಲೇರುವುದು ಒಂದು ಮುಖ್ಯ ಕಾರಣ. ಮಕ್ಕಳಲ್ಲಿ ಹಾಗಲ್ಲ. ಈ ಮಗು ಊಟ ಮಾಡುತ್ತದೆ, ಹೊಟ್ಟೆನೋವು ಎಂದಿಲ್ಲ. ಬಾಯಿಗೆ ಹುಳಿನೀರು ಬರುವುದು, ತಿಂದದ್ದು ಮೇಲೆ ಬರುವುದು, ಎದೆಯ ಕೆಳಗೆ ಉರಿ, ಊಟವಾದ ಒಂದು ಗಂಟೆಯೊಳಗೆ ಬಗ್ಗಿದರೆ ಅಥವಾ ಮಲಗಿದರೆ ಕೆಮ್ಮು, ಇಂಥ ಯಾವುದೂ ಇಲ್ಲದ ಮಗುವಿಗೆ ಬರೀ ಕೆಮ್ಮಿಗಾಗಿ ಆಮ್ಲ ತಗ್ಗಿಸುವ ಔಷಧಿ ಕೊಡಬಾರದು. ಹೊಟ್ಟೆಯ ಆಮ್ಲ ಸೋಂಕುಗಳಿಗೆ ತಡೆಗೋಡೆಯೂ ಹೌದು, ಅದನ್ನು ತಗ್ಗಿಸಿದರೆ ಭೇದಿ, ನ್ಯುಮೋನಿಯಾ ಬರುವ ಸಂಭವ ಸ್ವಲ್ಪ ಹೆಚ್ಚುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ವಾಂತಿಯ ವಿಷಯದಲ್ಲಿ. ಕೆಮ್ಮಿ ಕೆಮ್ಮಿ ಕೊನೆಗೆ ವಾಂತಿಯಾಗುವುದು ಹೊಟ್ಟೆಯ ಕಾಯಿಲೆಯ ಗುರುತಲ್ಲ. ದಮ್ಮಿನಲ್ಲಿಯೂ ಆಗುತ್ತದೆ, ನಾಯಿಕೆಮ್ಮಿನಲ್ಲಿಯೂ ಆಗುತ್ತದೆ. ಯಾವುದು ಮೊದಲು ಬಂತು ಎಂದು ನೋಡಬೇಕು.

ಒಬ್ಬ ತಾಯಿ, ಮಂಗಳೂರು: ನನ್ನ ಮಗುವಿಗೆ ಎಂಟು ತಿಂಗಳು, ಗೊರ ಗೊರ ಕಫದ ಕೆಮ್ಮು. ಹಾಗಾದರೆ ಅರ್ಧ ಚಮಚ ಜೇನುತುಪ್ಪ ಈವತ್ತೇ ಕೊಡಲೇ?

ಮಕ್ಕಳ ವೈದ್ಯೆ: ಬೇಡ ಅಮ್ಮಾ, ಖಂಡಿತ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೂ ಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಗೂಸಿನ ಕರುಳಲ್ಲಿ ಬೆಳೆದು ಸ್ನಾಯುಗಳನ್ನೇ ನಿಶ್ಶಕ್ತಗೊಳಿಸಬಲ್ಲದು. ನಿಮ್ಮ ಮಗುವಿನದು ಬೇರೆಯೇ ಕೆಮ್ಮು, ಅದನ್ನು ಎದುರಿಗೆ ನೋಡಬೇಕು. ಕೆಮ್ಮಿನ ಸಿರಪ್ಪನ್ನೂ ಕೊಡಬೇಡಿ. ಎರಡು ವರ್ಷದೊಳಗಿನವರಿಗೆ ಅದನ್ನು ಬರೆಯಲೇಬಾರದು, ಐದರೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರಿನಲ್ಲಿ ಸೂಚನೆ ಕೊಟ್ಟಿದೆ.

ಒಬ್ಬ ನರ್ಸ್, ಮೈಸೂರು: ಸುಂಯ್ ಸದ್ದಿಲ್ಲದೆ ಬರೀ ಕೆಮ್ಮಾಗಿ ಬರುವ ದಮ್ಮು ಇದೆಯಲ್ಲ, ಇದು ಅದೇ. ನಮ್ಮ ಅಕ್ಕನ ಮಗಳಿಗೆ ಮಾಂಟೆಲುಕಾಸ್ಟ್ ಮಾತ್ರೆಯಲ್ಲಿ ಹತೋಟಿಗೆ ಬಂತು. ನೇರ ಅದನ್ನೇ ಶುರು ಮಾಡಬಹುದು.

ಮಕ್ಕಳ ವೈದ್ಯೆ: ಅಂಥ ದಮ್ಮು ಇದೆ, ನಿಜ. ಆದರೆ ಮಕ್ಕಳಲ್ಲಿ ಬೇರೆ ಯಾವ ಲಕ್ಷಣವೂ ಇಲ್ಲದೆ ಬರೀ ಕೆಮ್ಮಷ್ಟೇ ಇದ್ದರೆ ಅದು ದಮ್ಮಲ್ಲದಿರುವ ಸಂಭವವೇ ಹೆಚ್ಚು. ನೆಗಡಿಯ ನಂತರದ ಕೆಮ್ಮು ಹೆಚ್ಚಿನ ಮಕ್ಕಳಲ್ಲಿ ಮೂರು ವಾರದೊಳಗೆ, ಕೆಲವರಲ್ಲಿ ನಾಲ್ಕು ವಾರಕ್ಕೆ ತಾನಾಗಿ ಇಳಿಯುತ್ತದೆ. ಮಾಂಟೆಲುಕಾಸ್ಟ್ ನನ್ನ ಮೊದಲ ಆಯ್ಕೆಯಲ್ಲ. ಕೆಲವು ಮಕ್ಕಳಿಗೆ ಅದರಿಂದ ಕೆಟ್ಟ ಕನಸು, ಸಿಡಿಮಿಡಿ, ಮನಸ್ಸಿನ ಏರುಪೇರು ಆಗುತ್ತದೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದಕ್ಕಾಗಿಯೇ ಗಂಭೀರ ಎಚ್ಚರಿಕೆ ಕಡ್ಡಾಯ ಮಾಡಿದರು.

ಪ್ರಶ್ನೆ ಕೇಳಿದ ತಾಯಿ (ಕೆಲವು ದಿನಗಳ ನಂತರ): ಬರೆದಿಟ್ಟೆ ಡಾಕ್ಟರೇ. ದಿನಾ ಒಂಬತ್ತೂಕಾಲಿಗೆ ಮಲಗಿಸುತ್ತೇನೆ, ಒಂಬತ್ತೂವರೆಗೆ ಕೆಮ್ಮು ಶುರು, ಹತ್ತರ ಹೊತ್ತಿಗೆ ನಿಲ್ಲುತ್ತದೆ. ಉಪ್ಪುನೀರಿನ ಹನಿ ಹಾಕಿದ ಮೇಲೆ ಇದು ಅರ್ಧದಷ್ಟು ಕಡಿಮೆ. ಆದರೆ ಎರಡು ರಾತ್ರಿ ಮೂರೂವರೆಗೆ ಎದ್ದು ಕೂತು ಕೆಮ್ಮಿದ. ಭಾನುವಾರ ಅಂಗಳದಲ್ಲಿ ಓಡುತ್ತಿದ್ದವನು ಕೆಮ್ಮು ಬಂದು ಆಟ ನಿಲ್ಲಿಸಿದ. ಹೋದ ಮಳೆಗಾಲದಲ್ಲಿ ಒಮ್ಮೆ ನೆಬುಲೈಸರ್ ಹಾಕಿಸಿದ್ದೆವು. ಕೂಸಾಗಿದ್ದಾಗ ಮೊಣಕೈ ಮಡಿಕೆಯಲ್ಲಿ ತುರಿಕೆ ಇತ್ತು. ನನ್ನ ಯಜಮಾನರಿಗೆ ಚಿಕ್ಕಂದಿನಲ್ಲಿ ದಮ್ಮು ಇತ್ತಂತೆ. ಹುಳಿತೇಗು, ಹೊಟ್ಟೆನೋವು ಏನೂ ಇಲ್ಲ.

ಮಕ್ಕಳ ವೈದ್ಯೆ: ನಿಮ್ಮ ಹಾಳೆಯಲ್ಲಿ ಎರಡು ಕೆಮ್ಮುಗಳಿವೆ. ಒಂಬತ್ತೂವರೆಯದು ಮೂಗಿನದು, ಹನಿಗೆ ತಗ್ಗಿರುವುದೂ ಅದನ್ನೇ ಹೇಳುತ್ತದೆ. ಮೂರೂವರೆಯದು ಮತ್ತು ಅಂಗಳದ್ದು ದಮ್ಮಿನ ಕಡೆ ಬೊಟ್ಟು ಮಾಡುತ್ತವೆ. ಹಿಂದಿನ ನೆಬುಲೈಸರ್, ಚರ್ಮದ ತುರಿಕೆ, ತಂದೆಯ ದಮ್ಮು ಸೇರಿದಾಗ ಅನುಮಾನ ಗಟ್ಟಿಯಾಗುತ್ತದೆ. ಹೊಟ್ಟೆಯ ಸಿರಪ್ ನಿಲ್ಲಿಸಿ.

ಅನುಮಾನ ಗಟ್ಟಿಯಾಯಿತೇ ಹೊರತು ರುಜುವಾತಾಗಲಿಲ್ಲ. ಊದಿ ನೋಡುವ ಸ್ಪೈರೋಮೆಟ್ರಿ ಈ ವಯಸ್ಸಿನವರಲ್ಲಿ ಕೆಲವರಿಗಷ್ಟೇ ಸರಿಯಾಗಿ ಬರುತ್ತದೆ. ಆದ್ದರಿಂದ ನಿಮ್ಮ ವೈದ್ಯರ ಬಳಿ ಹಾಳೆ ತೋರಿಸಿ, ಎದೆ ಪರೀಕ್ಷೆ ಮಾಡಿಸಿ, ಇನ್ಹೇಲರ್ ಪ್ರಯೋಗದ ಬಗ್ಗೆ ಕೇಳಿ. ಬೆಳಗಿನ ಜಾವದ ಕೆಮ್ಮಿಗೆ ಇನ್ಹೇಲರಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆಯ ಮೂಲಕ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷದಲ್ಲಿ ತಗ್ಗಿತೇ ಎಂದು ಬರೆದಿಡುವುದು ಒಂದು. ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಇನ್ಹೇಲರನ್ನು ನಾಲ್ಕು ವಾರ ದಿನವೂ ಕೊಟ್ಟು ನೋಡುವುದು ಇನ್ನೊಂದು. ಕೆಮ್ಮು ಸುಧಾರಿಸಿದರೆ ಇನ್ಹೇಲರ್ ನಿಲ್ಲಿಸಿ ನೋಡಲೇಬೇಕು. ನೆಗಡಿಯ ಕೆಮ್ಮು ತಾನಾಗಿ ವಾಸಿಯಾಗುವ ಹೊತ್ತೂ ಅದೇ, ಹಾಗಾಗಿ ಔಷಧಿಯಿಂದ ಹೋಯಿತೋ ತಾನಾಗಿ ಹೋಯಿತೋ ಗೊತ್ತಾಗುವುದು ನಿಲ್ಲಿಸಿದ ಮೇಲೆಯೇ. ನಿಲ್ಲಿಸಿದ ಕೆಲವು ವಾರಗಳಲ್ಲಿ ಮರಳಿ, ಮತ್ತೆ ಕೊಟ್ಟಾಗ ಹೋದರೆ ದಮ್ಮು ಎಂದು ಬರೆಯುತ್ತೇವೆ. ನಾಲ್ಕು ವಾರಕ್ಕೂ ಏನೂ ವ್ಯತ್ಯಾಸ ಕಾಣದಿದ್ದರೆ ಪ್ರಮಾಣ ಏರಿಸುತ್ತ ಹೋಗುವುದಲ್ಲ, ನಿಲ್ಲಿಸಿ ಬೇರೆ ಕಾರಣ ಹುಡುಕಬೇಕು.

ಅಭ್ಯಾಸದ ಭಯಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸಾಲ್ಬುಟಮಾಲ್ ಇನ್ಹೇಲರಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಅದೇ ಔಷಧಿಯ ಸಿರಪ್ ಒಂದು ಚಮಚಕ್ಕೆ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಒತ್ತಿನಷ್ಟು, ಅದೂ ರಕ್ತದಲ್ಲಿ ಮೈಯೆಲ್ಲ ಸುತ್ತಿ ಶ್ವಾಸನಾಳಕ್ಕೆ ಬರುವುದು. ಕೈ ನಡುಗುವುದು, ಎದೆ ಬಡಿದುಕೊಳ್ಳುವುದು ಸಿರಪ್ಪಿನಲ್ಲೇ ಹೆಚ್ಚು. ಕೊಡುವಾಗ ಇನ್ಹೇಲರನ್ನು ಅಲುಗಾಡಿಸಿ, ಒಮ್ಮೆಗೆ ಒಂದೇ ಸಲ ಒತ್ತಿ, ಮಗು ಸ್ಪೇಸರಿನಲ್ಲಿ ಐದಾರು ಸಲ ನಿಧಾನ ಉಸಿರಾಡಲಿ, ಆಮೇಲೆ ಇನ್ನೊಂದು. ಸ್ಟೀರಾಯ್ಡ್ ಆದರೆ ನಂತರ ಬಾಯಿ ಮುಕ್ಕಳಿಸಿ ಉಗುಳಿಸಿ.

ಶಿಕ್ಷಕಿ, ತುಮಕೂರು: ನಮ್ಮ ತರಗತಿಯಲ್ಲಿ ಬಾಯಿ ತೆರೆದೇ ಉಸಿರಾಡುವ, ಗೊರಕೆ ಹೊಡೆಯುವ ಮಕ್ಕಳಿದ್ದಾರೆ. ಅವರ ಕೆಮ್ಮೂ ಇದೇ ಏನು?

ಮಕ್ಕಳ ವೈದ್ಯೆ: ಅದು ಮೂಗಿನ ಹಿಂದಿನ ಎಡಿನಾಯ್ಡ್ ಗಂಟು ದಪ್ಪಗಾಗಿರುವುದಿರಬಹುದು. ಕಿವಿ ಮೂಗು ಗಂಟಲಿನ ವೈದ್ಯರು ನೋಡಲಿ. ಶಿವಮೊಗ್ಗದ ಅಮ್ಮ, ನಿಮ್ಮ ಮಗನೂ ಗೊರಕೆ ಹೊಡೆಯುತ್ತಾನೆಯೇ ತಿಳಿಸಿ.

ಪ್ರಶ್ನೆ ಕೇಳಿದ ತಾಯಿ: ನೆಗಡಿ ಇದ್ದಾಗ ಮಾತ್ರ. ನಿನ್ನೆ ನಮ್ಮ ವೈದ್ಯರು ಎದೆ ಚೆನ್ನಾಗಿದೆ ಎಂದರು, ಹಾಳೆ ನೋಡಿ ನಾಲ್ಕು ವಾರಕ್ಕೆ ಇನ್ಹೇಲರ್ ಬರೆದರು. ಇದು ದಮ್ಮೇ ಆದರೆ ಜೀವನಪೂರ್ತಿ ಇರುತ್ತದೆಯೇ?

ಮಕ್ಕಳ ವೈದ್ಯೆ: ಐದೂವರೆಗೆ ಅದನ್ನು ಹೇಳಲಾಗದು. ಎಷ್ಟೋ ಮಕ್ಕಳಲ್ಲಿ ಬೆಳೆಯುತ್ತ ಹೋಗಿಬಿಡುತ್ತದೆ. ಚರ್ಮದ ತುರಿಕೆ ಇದ್ದವರಲ್ಲಿ, ಹೆತ್ತವರಿಗೆ ದಮ್ಮಿದ್ದವರಲ್ಲಿ ಉಳಿಯುವ ಸಂಭವ ಸ್ವಲ್ಪ ಹೆಚ್ಚು. ಸದ್ಯಕ್ಕೆ ಹಾಳೆಯನ್ನು ಮುಂದುವರಿಸಿ, ಇನ್ಹೇಲರ್ ನಿಲ್ಲಿಸಿದ ನಂತರದ ವಾರಗಳಲ್ಲಿ ಮೂರೂವರೆಯ ಸಾಲು ಬಿಡದೆ ತುಂಬಿ. ಕೆಮ್ಮು ನಡುವೆ ಗೊರ ಗೊರ ಕಫದ್ದಾಗಿ ತಿರುಗಿದರೆ, ತೂಕ ಇಳಿದರೆ, ಜ್ವರ ಬಂದರೆ ಅಥವಾ ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ನಾಲ್ಕು ವಾರ ಕಾಯದೆ ವೈದ್ಯರನ್ನು ಕಾಣಿ.