‘ಮೂಲ ವಿಳಾಸ’ ಸರಿಯೇ? ವಿಂಡೋಸ್ ಲಾಗಾನ್ ದಾಖಲೆಯ ಒಂದು ಪದ

ವಿ.ಎಸ್.: ವಿಂಡೋಸ್ ಜಾಲದೊಳಗೆ ನುಸುಳಿದವರ ಜಾಡು ಹಿಡಿಯುವ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾರಾದರೂ ಯಂತ್ರದೊಳಗೆ ಲಾಗಾನ್ ಆದಾಗ ದಾಖಲಾಗುವ, ಸೆಕ್ಯುರಿಟಿ ಲಾಗ್‌ನ 4624ನೇ ಈವೆಂಟ್‌ನಲ್ಲಿ `Source Network Address` ಎಂಬ ಸಾಲಿದೆ. ಅದಕ್ಕೆ ‘ಮೂಲ ವಿಳಾಸ’, ನುಸುಳಿದವರು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವ ಲ್ಯಾಟರಲ್ ಮೂವ್‌ಮೆಂಟ್‌ಗೆ ‘ಪಾರ್ಶ್ವ ಚಲನೆ’ ಎಂದು ಬರೆದಿದ್ದೇನೆ. ಒಪ್ಪುತ್ತದೆಯೇ?

ಕೆ.ಆರ್.: ಸೋರ್ಸ್ ಅಂದರೆ ಮೂಲವೇ ತಾನೆ. ಟೈಪ್ 10, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆದ ಲಾಗಾನ್‌ಗಳನ್ನಷ್ಟೇ ಆರಿಸಿ ಆ ವಿಳಾಸ ನೋಡಿದರೆ ಕಳ್ಳ ಎಲ್ಲಿಂದ ಬಂದನೆಂದು ತಿಳಿಯುತ್ತದೆ.

ಎಂ.ಜಿ.: ‘ಮೂಲ’ ಬೇಡವೆಂದು ಕೇಳಿಕೊಳ್ಳುತ್ತೇನೆ. ನದಿಮೂಲ ಎಂದಾಗ ಅದರ ಹಿಂದೆ ನದಿಯಿಲ್ಲ. ಈ ಸಾಲು ತೋರಿಸುವುದು ಹಿಂದಿನ ಒಂದೇ ಹೆಜ್ಜೆಯನ್ನು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಲೆಕ್ಕಪತ್ರದ ಸರ್ವರ್ 10.20.4.8ರಲ್ಲಿ ರಾತ್ರಿ 1:42ಕ್ಕೆ 4624, ಟೈಪ್ 3, ಅಂದರೆ ಜಾಲದ ಮೂಲಕ ಆದ ಲಾಗಾನ್, ವಿಳಾಸ 10.20.4.12. ಅದೇ ಹೊತ್ತಿಗೆ ಸಿಸ್ಟಮ್ ಲಾಗ್‌ನಲ್ಲಿ 7045, ಅಂದರೆ ಹೊಸ ಸರ್ವಿಸ್, ಹೆಸರು `PSEXESVC`; ದೂರದಿಂದ ಆಜ್ಞೆ ನಡೆಸುವ PsExec ಬಿಡುವ ಗುರುತು ಅದು. ‘ಮೂಲ’ ಎಂದು ಓದಿದವರು 12ರಲ್ಲೇ ನಿಂತುಬಿಡುತ್ತಾರೆ. ಆದರೆ 12 ಒಂದು ಫೈಲ್ ಸರ್ವರ್, ಅದರ ಮುಂದೆ ಯಾರೂ ಕೂತಿಲ್ಲ. 4624 ಬರೆಯುವುದು ಒಳಬಿಟ್ಟುಕೊಂಡ ಯಂತ್ರ. ಹಾಗಾಗಿ ಈಗ 12ರ ಲಾಗನ್ನೇ ತೆರೆಯಬೇಕು. ಅಲ್ಲಿ 1:31ಕ್ಕೆ ಟೈಪ್ 10, ವಿಳಾಸ 10.20.4.31. ಬೇರೆ ಖಾತೆಯ ಪಾಸ್‌ವರ್ಡ್ ಕೊಟ್ಟು ಮುಂದೆ ಹೋಗಿದ್ದರೆ 1:42ಕ್ಕೆ 12ರಲ್ಲಿ 4648 ಕೂಡ ಇರುತ್ತದೆ, ಯಾವ ಸರ್ವರಿಗೆ ಹೋದದ್ದೆಂಬ ಹೆಸರಿನ ಜೊತೆ. ಆ ಹೊತ್ತಿಗೆ 31 ಯಾವ ಮೇಜಿನ ಯಂತ್ರದ ಪಾಲಿಗಿತ್ತು ಎಂದು ಹೇಳುವುದು ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ದಾಖಲೆ. ಆಮೇಲೆ 31ರ ಲಾಗ್. ಅದಕ್ಕೇ ನನ್ನ ಸಲಹೆ ‘ಬಂದ ವಿಳಾಸ’.

ಕೆ.ಆರ್. ಅವರೇ, ಟೈಪ್ 10 ಮಾತ್ರ ಆರಿಸಿದರೆ ಮೇಲಿನ 1:42ರ ಹೆಜ್ಜೆಯೇ ತಪ್ಪಿಹೋಗುತ್ತದೆ. ಕಡಿದುಹೋದ ರಿಮೋಟ್ ಡೆಸ್ಕ್‌ಟಾಪ್ ಸೆಷನ್ನಿಗೆ ಮರಳಿದರೂ ಬರುವುದು ಟೈಪ್ 7. ಅದನ್ನು ಬರೀ ಪರದೆಯ ಬೀಗ ತೆಗೆದದ್ದೆಂದು ದಾಟಿಬಿಡುವುದು ಸಾಮಾನ್ಯ ತಪ್ಪು. ಬೇರೆ ಯಂತ್ರದ ವಿಳಾಸವಿದೆಯೇ ಎಂದು ನೋಡಬೇಕು.

ಎಸ್.ಪಿ.: ನಮ್ಮ ಕಚೇರಿಯ ಯಂತ್ರದಲ್ಲಿ ದಿನವೂ ರಾಶಿ ಟೈಪ್ 5 ಬರುತ್ತವೆ, ವಿಳಾಸದ ಜಾಗದಲ್ಲಿ ಬರೀ ಒಂದು ಗೆರೆ. ಯಾರೋ ಅಳಿಸಿದ್ದಾರೆಯೇ? ಇದೂ ಪಾರ್ಶ್ವ ಚಲನೆಯೇ?

ಎಂ.ಜಿ.: ಅಳಿಸಿಲ್ಲ. ಅದು ಆ ಯಂತ್ರದ ಸರ್ವಿಸ್‌ಗಳು ತಾವೇ ಶುರುವಾದದ್ದು. ಜಾಲದಿಂದ ಯಾರೂ ಬಂದಿಲ್ಲವಾದ್ದರಿಂದ ವಿಳಾಸವೂ ಇಲ್ಲ. ನೀವು ಹುಡುಕಬೇಕಾದದ್ದು ಟೈಪ್ 9, ಅಂದರೆ ಜಾಲದ ಕೆಲಸಕ್ಕೆ ಮಾತ್ರ ಬೇರೆ ಖಾತೆಯ ಗುರುತು ಬಳಸುವ ಲಾಗಾನ್. `runas /netonly` ಬಳಸಿದಾಗ ಅದು ಹೊರಟ ಯಂತ್ರದಲ್ಲೇ ದಾಖಲಾಗುತ್ತದೆ. ಇಲ್ಲಿ ‘ಬಂದ ವಿಳಾಸ’ ಎಂಬ ನನ್ನ ಪದವೂ ಸ್ವಲ್ಪ ಕುಂಟುತ್ತದೆ.

ವಿ.ಎಸ್.: ಆದರೂ ‘ಬಂದ ವಿಳಾಸ’ ಎಂದೇ ತಿದ್ದುತ್ತೇನೆ. ‘ಪಾರ್ಶ್ವ ಚಲನೆ’?

ಎಂ.ಜಿ.: ಪಾರ್ಶ್ವ ಎಂದೊಡನೆ ಪಾರ್ಶ್ವವಾಯು ನೆನಪಾಗುತ್ತದೆ. ‘ಅಡ್ಡಹಾಯುವುದು’ ಆಗಬಹುದೇ?

ಕೆ.ಆರ್.: ನಮ್ಮ ಕಡೆ ಹಾಯುವುದು ಎತ್ತು. ಕೊಂಬಿನಿಂದ ತಿವಿಯುವುದಕ್ಕೆ ಹಾಗೆನ್ನುತ್ತೇವೆ. ಬೇರೆ ಪದ ಹುಡುಕಬೇಕು.