ಕೊಲೊನೋಸ್ಕೋಪಿ: ಎರಡನೇ ಡೋಸ್‌ಗೆ ಬೆಳಗಿನ ಜಾವ ಏಳಲೇಬೇಕಾ?

ಹೊಸಬಳು: ಬೆಳಿಗ್ಗೆ 10ಕ್ಕೆ ಕೊಲೊನೋಸ್ಕೋಪಿ ಇದೆ. ಕರುಳು ಖಾಲಿ ಮಾಡೋಕೆ ಎರಡು ಲೀಟರ್ ದ್ರಾವಣ. ರಾತ್ರಿ 7ಕ್ಕೆ ಒಂದು ಲೀಟರ್, ಬೆಳಗಿನ ಜಾವ 5ಕ್ಕೆ ಇನ್ನೊಂದು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನನಗೆ ಔಷಧಿ ವಾಸನೆಗೇ ವಾಕರಿಕೆ. ಎಲ್ಲಾ ರಾತ್ರಿಯೇ ಕುಡಿದು ಮಲಗಿಬಿಡಬಹುದಾ? ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಹೊಂಗೆನೆರಳು: ಹೋದ ವರ್ಷ ನಾನು ಮಾಡಿದ್ದು ಇದನ್ನೇ, ಅದಕ್ಕೇ ಬರೀತಿದ್ದೀನಿ. ನನ್ನದು 11.30ಕ್ಕಿತ್ತು. ನಿದ್ದೆ ಕೆಡೋದು ಬೇಡ ಅಂತ ಸಂಜೆ 6ರಿಂದ ರಾತ್ರಿ 10ರೊಳಗೆ ಎರಡೂ ಲೀಟರ್ ಮುಗಿಸಿದೆ. ಒಂದು ಗಂಟೆಯ ಹೊತ್ತಿಗೆ ಬರೀ ಹಳದಿ ನೀರು ಬರ್ತಿತ್ತು, ತಳ ಕಾಣೋಷ್ಟು ತಿಳಿ. ಗೆದ್ದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಒಂದ್ಸಲ ಹೋದಾಗ ಕಂದು ಬಣ್ಣದ, ಲೋಳೆಲೋಳೆ ಏನೋ ಸ್ವಲ್ಪ ಬಂತು. ಕೊನೇದಿರಬೇಕು ಅಂತ ಯಾರಿಗೂ ಹೇಳಲಿಲ್ಲ. ಅದೇ ನನ್ನ ತಪ್ಪು.

ರಿಪೋರ್ಟ್‌ನಲ್ಲಿ ಕರುಳು ಎಷ್ಟು ಕ್ಲೀನ್ ಅಂತ ಮೂರು ಅಂಕ ಇತ್ತು: ಬಲಭಾಗ 1, ಅಡ್ಡಭಾಗ 2, ಎಡಭಾಗ 3. ಒಟ್ಟು 9ಕ್ಕೆ 6 ಬಂದಿದೆಯಲ್ಲಾ, ಪಾಸಾಗಲಿಲ್ವಾ ಅಂತ ಕೇಳಿದೆ. ಡಾಕ್ಟರ್ ಹೇಳಿದರು: ಒಟ್ಟು ಲೆಕ್ಕಕ್ಕೆ ಬರಲ್ಲಮ್ಮ, ಮೂರರಲ್ಲಿ ಪ್ರತಿಯೊಂದೂ ಕನಿಷ್ಠ 2 ಇರಬೇಕು, ಬಲಗಡೆ ಗೋಡೆಗೆ ಗೋಂದು ಬಳಿದ ಹಾಗಿತ್ತು, ನಾನು ನೋಡಿದೆ ಅಂತ ಸಹಿ ಹಾಕೋಕಾಗಲ್ಲ. ಮತ್ತೆ ಮಾಡಿಸಬೇಕಾಯ್ತು. ಮತ್ತೆ ಎರಡು ದಿನ ರಜೆ, ಮತ್ತೆ ಅದೇ ಪಥ್ಯ, ಮತ್ತೆ ಅರಿವಳಿಕೆ, ಕರೆದುಕೊಂಡು ಹೋಗಿ ಬರೋಕೆ ತಂಗಿಗೂ ಒಂದು ದಿನ ರಜೆ, ದುಡ್ಡು ಪೂರ್ತಿ ಎರಡನೇ ಸಲ. ಆಗ ಜಾವದಲ್ಲಿ ಎದ್ದು ಕುಡಿದೆ. ಬಲಗಡೆ 8 ಮಿಲಿಮೀಟರಿನ ಚಪ್ಪಟೆ ಪಾಲಿಪ್, ಅಂದರೆ ಗೋಡೆ ಮೇಲೆ ಬೆಳೆದ ಸಣ್ಣ ಗಡ್ಡೆ, ಸಿಕ್ಕಿತು. ಮೊದಲ ಸಲವೂ ಅದು ಅಲ್ಲೇ ಇದ್ದಿರುತ್ತೆ, ಆ ಗೋಂದಿನ ಕೆಳಗೆ.

ರಾತ್ರಿಪಾಳಿ: ಸುಮ್ಮನೆ ಹೆದರಿಸಬೇಡಿ ಮೇಡಂ. ನಾನು ಎರಡು ಸಲ ಮಾಡಿಸಿದ್ದೀನಿ, ಎರಡೂ ಸಲ ಪೂರ್ತಿ ರಾತ್ರಿಯೇ ಕುಡಿದೆ, ಎರಡೂ ಸಲ ಕ್ಲೀನ್ ಅಂತ ಬರೆದುಕೊಟ್ಟಿದ್ದಾರೆ. ರಾತ್ರಿ 9ಕ್ಕೆ ಶುರು, 12.30ಕ್ಕೆ ಮುಗಿಸಿದ್ದು. ಬೆಳಿಗ್ಗೆ 7ಕ್ಕೆ ನನ್ನದೇ ಮೊದಲ ಕೇಸು. ನೂರು ರೀತಿ ಗೊಂದಲ ಮಾಡಿಕೊಳ್ಳೋ ಬದಲು ಗಟ್ಟಿ ಮನಸ್ಸು ಮಾಡಿ ಒಂದೇ ಸಲಕ್ಕೆ ಕುಡಿದರೆ ಮುಗೀತು.

ಹೊಂಗೆನೆರಳು: ಮನಸ್ಸು ಗಟ್ಟಿ ಇರಲಿಲ್ಲ ಅಂತ ನನ್ನ ಕರುಳು ಗಲೀಜಾಗಿತ್ತಾ? ಎರಡು ಲೀಟರಲ್ಲಿ ಒಂದು ಗುಟುಕೂ ಬಿಟ್ಟಿಲ್ಲ ನಾನು.

ಮೂಲೆಮನೆ: ನಮ್ಮ ತಂದೆಯವರ ವಿಷಯ ಹೇಳ್ತೀನಿ, ಯಾವ ಔಷಧಿ ಅನ್ನೋದು ಬಹಳ ಮುಖ್ಯ. ಅವರಿಗೆ ಕಿಡ್ನಿ ತೊಂದರೆ ಇದೆ. ಸಂಬಂಧಿಕರೊಬ್ಬರು ತಮ್ಮ ಮನೇಲಿ ಉಳಿದಿದ್ದ ಸಣ್ಣ ಬಾಟಲಿ ಕೊಟ್ಟು, ಲೀಟರ್‌ಗಟ್ಟಲೆ ಯಾಕೆ, ಇದು ಎರಡು ಗುಟುಕು ಅಷ್ಟೇ ಅಂದರು. ಪುಣ್ಯಕ್ಕೆ ಫೋನ್ ಮಾಡಿ ಕೇಳಿದ್ವಿ. ಅದು ಸೋಡಿಯಂ ಫಾಸ್ಫೇಟ್, ಕಿಡ್ನಿಗೇ ಪೆಟ್ಟು ಕೊಡುತ್ತೆ, ಮುಟ್ಟಬೇಡಿ ಅಂದರು. ಹಾಗಾಗಿ ಯಾರೂ ಇನ್ನೊಬ್ಬರ ಔಷಧಿ ತಗೋಬೇಡಿ.

ರಾತ್ರಿಪಾಳಿ: ಸರ್, ಅವರು ಕೇಳಿದ್ದು ಟೈಮಿಂಗ್.

ಮೂಲೆಮನೆ: ಓದಿದೀನಿ ಸರ್. ಓದೋರು ಅವರೊಬ್ಬರೇ ಅಲ್ಲ.

ಬಿಳಿಕೋಟು: ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿ 14 ವರ್ಷ ಆಯ್ತು. ದಿನಾ ಬೆಳಿಗ್ಗೆ ಸ್ಕ್ರೀನಿನಲ್ಲಿ ನೋಡೋದೇ ಇದು, ಅದಕ್ಕೆ ಬರೀತೀನಿ.

ಕುಡಿದದ್ದು ನಿಂತ ಮೇಲೆ ಕರುಳು ಸುಮ್ಮನಿರಲ್ಲ. ಊಟ ಇಲ್ಲದಿದ್ದರೂ ಪಿತ್ತ, ಲೋಳೆ ಎಲ್ಲಾ ಸಣ್ಣಕರುಳಿಂದ ಇಳೀತಾನೇ ಇರುತ್ತೆ. ಇಳಿದು ಮೊದಲು ಸೇರೋದು ದೊಡ್ಡಕರುಳಿನ ಬಲಭಾಗಕ್ಕೆ. ರಾತ್ರಿ 10ಕ್ಕೆ ತೊಳೆದ ಜಾಗಕ್ಕೆ ಬೆಳಿಗ್ಗೆ 11.30ರ ತನಕ ಅದು ಬಂದು ಅಂಟಿಕೊಳ್ಳುತ್ತೆ. ಹೊಂಗೆನೆರಳು ಅವರಿಗೆ ಆಗಿದ್ದು ಇದೇ, ಅವರು ಏನೂ ಕಡಿಮೆ ಮಾಡಿಲ್ಲ, ನಡುವೆ ಹದಿಮೂರೂವರೆ ಗಂಟೆ ಇತ್ತು. ರಾತ್ರಿಪಾಳಿ ಅವರಿಗೆ ಆರೂವರೆ ಗಂಟೆ ಅಷ್ಟೇ. ಅವರು ಮಾಡಿದ್ದೂ ಹೆಚ್ಚುಕಡಿಮೆ ಜಾವದ ಡೋಸೇ, ಅವರಿಗೆ ಹಾಗನ್ನಿಸಿಲ್ಲ. ಎರಡನೇ ಡೋಸ್ ಶುರುವಾಗಬೇಕಾದ್ದು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ, ಮುಗೀಬೇಕಾದ್ದು ಕನಿಷ್ಠ 2 ಗಂಟೆ ಮುಂಚೆ. ಆ ಎರಡು ಗಂಟೆ ಅರಿವಳಿಕೆಗೋಸ್ಕರ, ಹೊಟ್ಟೆಯಲ್ಲಿ ನೀರಿದ್ದರೆ ಶ್ವಾಸಕೋಶಕ್ಕೆ ಹೋಗೋ ಅಪಾಯ. ಕೆಲವು ಕಡೆ ಇನ್ನೂ ಮುಂಚೆ ನಿಲ್ಲಿಸಿ ಅಂತಾರೆ, ಅವರು ಹೇಳಿದ್ದೇ ಲೆಕ್ಕ.

ವಾಕರಿಕೆಗೆ: ಮಧ್ಯಾಹ್ನವೇ ಕಲಸಿ ಫ್ರಿಜ್‌ನಲ್ಲಿಡಿ, ತಣ್ಣಗಿದ್ದರೆ ಉಪ್ಪಿನ ರುಚಿಯೂ ವಾಸನೆಯೂ ಅರ್ಧ ಆಗುತ್ತೆ. ಸ್ಟ್ರಾ ಹಾಕಿ, ತುದಿ ನಾಲಿಗೆಯ ಹಿಂಭಾಗಕ್ಕೆ ಹೋಗಲಿ. 250 ಮಿಲಿ ಲೋಟ, 15 ನಿಮಿಷಕ್ಕೊಂದು, ಅಂದರೆ ಒಂದು ಗಂಟೆಗೆ ಲೀಟರ್. ನಡುವೆ ನಿಂಬೆ ಹೋಳು ನೆಕ್ಕಿ, ಕೂರಬೇಡಿ, ಓಡಾಡಿ. ಹೊಟ್ಟೆ ಬಿಗಿದು ವಾಂತಿ ಬರೋ ಹಾಗಾದರೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಅರ್ಧರ್ಧ ಲೋಟ. ವಾಂತಿ ಆಗಿಬಿಟ್ಟರೆ ಎಷ್ಟು ಹೋಯ್ತು ಅಂತ ಅಂದಾಜು ಮಾಡಿ ಫೋನ್ ಮಾಡಿ, ಮುಂಚೆಯೇ ಕೇಳಿದರೆ ವಾಂತಿ ಮಾತ್ರೆಯೂ ಬರೆದುಕೊಡ್ತಾರೆ.

ಗುಬ್ಬಿಗೂಡು: ಅಕ್ಕ, ನನಗಂತೂ ಮೊದಲ ಲೀಟರಿಗೇ ನೀರು ತಿಳಿಯಾಯ್ತು. ಎರಡನೇದು ಚೆಲ್ಲಿಬಿಟ್ಟೆ, ಅದರ ಬದಲು ಬರೀ ನೀರು ಜಾಸ್ತಿ ಕುಡಿದೆ. ಕೆಲಸ ಒಂದೇ ತಾನೆ? ರಿಪೋರ್ಟ್ ಚೆನ್ನಾಗೇ ಬಂತು. ತಲೆಸುತ್ತು ಬಂದು ಬಾತ್‌ರೂಮ್ ಬಾಗಿಲಲ್ಲಿ ಒಂದ್ಸಲ ಕುಸಿದು ಕೂತಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಬಿಳಿಕೋಟು: ತಂಗಿ, ಆ ತಲೆಸುತ್ತು ಸಣ್ಣ ವಿಷಯ ಅಲ್ಲ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ವಯಸ್ಸಾದವರಿಗೆ ಫಿಟ್ಸ್ ಬಂದಿದ್ದೂ ಉಂಟು. ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಲವಣ ಅಳತೆ ಮಾಡಿ ಹಾಕಿರೋದೇ ಅದಕ್ಕೆ, ದೇಹದಿಂದ ನೀರು ಎಳೆಯಲ್ಲ, ದೇಹಕ್ಕೆ ಸೇರೋದೂ ಕಡಿಮೆ, ಹಾಗೇ ಕೊಚ್ಚಿಕೊಂಡು ಹೋಗುತ್ತೆ. ಪಿಕೋಸಲ್ಫೇಟ್ ಇರೋ ಪುಟ್ಟ ಪ್ಯಾಕೆಟ್ ತಗೊಂಡಿದ್ದರಂತೂ ಇನ್ನೂ ಜಾಗ್ರತೆ, ನಡುವೆ ಓಆರ್‌ಎಸ್, ತಿಳಿ ಸಾರು ಅಂಥದ್ದು ಸೇರಿಸಬೇಕು. ರಾತ್ರಿ ನೀರು ತಿಳಿಯಾಯ್ತು ಅಂದರೆ ಎಡಭಾಗ ಖಾಲಿಯಾಯ್ತು ಅಂತಷ್ಟೇ. ಬಲಭಾಗದ ಕಥೆ ಹೊರಗಿಂದ ಗೊತ್ತಾಗಲ್ಲ.

ಗುಬ್ಬಿಗೂಡು: ಆದ್ರೂ ನನ್ನ ರಿಪೋರ್ಟ್ ಚೆನ್ನಾಗೇ ಬಂದಿದ್ದು ನಿಜ ಅಕ್ಕ.

ಸಕ್ಕರೆಡಬ್ಬಿ: ಡಯಾಬಿಟಿಸ್ ಇರೋರ ಬಗ್ಗೆ ಯಾರೂ ಮಾತಾಡ್ತಿಲ್ಲ. ನಾನು ಇನ್ಸುಲಿನ್ ಮೇಲಿದ್ದೀನಿ. ಹಿಂದಿನ ದಿನ ಊಟ ಕಡಿಮೆ, ಇನ್ಸುಲಿನ್ ಮಾತ್ರ ಮಾಮೂಲಿ ಅಳತೆಯೇ ತಗೊಂಡೆ. ರಾತ್ರಿ 2ಕ್ಕೆ ಬೆವರು, ನಡುಕ, ಮೀಟರ್‌ನಲ್ಲಿ 58. ಸಿಹಿಯಾದ ತಿಳಿ ಜ್ಯೂಸ್ ಕುಡಿದು ಬದುಕಿಕೊಂಡೆ. ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಅದಕ್ಕೆ ನನಗೆ ಇವತ್ತಿಗೂ ಕೋಪ. ಆಮೇಲೆ ಕೇಳಿದಾಗ ತಿಳೀತು, ಇನ್ಸುಲಿನ್ ಇಳಿಸಬೇಕಿತ್ತಂತೆ, ಮೂತ್ರದಲ್ಲಿ ಸಕ್ಕರೆ ಹೊರಹಾಕೋ ಮಾತ್ರೆಗಳನ್ನಂತೂ ಮೂರು ನಾಲ್ಕು ದಿನ ಮುಂಚೆಯೇ ನಿಲ್ಲಿಸಬೇಕಂತೆ. ಯಾವುದು ಯಾವಾಗ ಅಂತ ಔಷಧಿ ಬರೆದ ಡಾಕ್ಟರನ್ನೇ ಕೇಳಿ.

ಹೊಂಗೆನೆರಳು: ಕಬ್ಬಿಣದ ಮಾತ್ರೆಯನ್ನೂ ಸೇರಿಸಿಕೊಳ್ಳಿ. ಒಂದು ವಾರ ಮುಂಚೆ ನಿಲ್ಲಿಸಿ ಅಂದಿದ್ದರು ನನಗೆ, ಮಲ ಕಪ್ಪಗೆ ಅಂಟಂಟಾಗುತ್ತೆ. ಊಟದಲ್ಲೂ ಮೂರು ದಿನ ಬೀಜ, ಸಿಪ್ಪೆ, ಸೊಪ್ಪು, ಕಾಳು ಬಿಟ್ಟೆ. ಬಿಳಿ ಅನ್ನ, ಮೊಟ್ಟೆ, ಸಿಪ್ಪೆ ತೆಗೆದ ಆಲೂಗಡ್ಡೆ, ಮೊಸರು. ಮೂರು ದಿನ ಬೇಕೇಬೇಕು.

ರಾತ್ರಿಪಾಳಿ: ಎಲ್ಲಿಯ ಮೂರು ದಿನ? ನನಗೆ ಹಿಂದಿನ ಒಂದೇ ದಿನ ಅಂದಿದ್ದು. ಎರಡು ದಿನ ಮುಂಚೆ ಟೊಮೆಟೊ ಹಾಕಿದ ಪಲ್ಯ ಹೊಟ್ಟೆತುಂಬಾ ತಿಂದಿದ್ದೀನಿ.

ಬಿಳಿಕೋಟು: ಇಬ್ಬರದೂ ಸರಿ. ಮಲಬದ್ಧತೆ ಇಲ್ಲದವರಿಗೆ ಈಗ ಹಿಂದಿನ ದಿನ ಒಂದೇ ಸಾಕು ಅನ್ನೋ ಕಡೆ ಹೆಚ್ಚು ಜನ ಇದ್ದಾರೆ. ಮಲಬದ್ಧತೆ ಇದ್ದವರು, ನೋವಿಗೆ ಓಪಿಯಾಯ್ಡ್ ಮಾತ್ರೆ ತಗೊಳ್ಳೋರು, ಹಿಂದೆ ಒಮ್ಮೆ ಸರಿಯಾಗಿ ಕ್ಲೀನ್ ಆಗದವರಿಗೆ ಮುಂಚೆಯಿಂದಲೇ ಪಥ್ಯ, ಕೆಲವೊಮ್ಮೆ ಔಷಧಿಯೂ ಜಾಸ್ತಿ. ನಮಗೆ ಬೀಜ ಕಂಡರೆ ಸಿಟ್ಟು ಬರೋದು ಬೇರೆ ಕಾರಣಕ್ಕೆ: ನೀರನ್ನು ಹೀರಿ ತೆಗೀಬಹುದು, ಟೊಮೆಟೊ ಬೀಜ ಬಂದು ಸ್ಕೋಪಿನ ಸಣ್ಣ ನಾಳಕ್ಕೆ ಸಿಕ್ಕಿಕೊಂಡರೆ ಹೀರೋದೇ ನಿಲ್ಲುತ್ತೆ, ಅದನ್ನ ಬಿಡಿಸೋದರಲ್ಲೇ ಸಮಯ ಹೋಗುತ್ತೆ.

ಹೊಂಗೆನೆರಳು: ಹಾಗಾದ್ರೆ ನನಗೆ ಮಲಬದ್ಧತೆ ಇಲ್ಲ, ಮೂರು ದಿನ ಯಾಕೆ ಹೇಳಿದ್ರು?

ರಾತ್ರಿಪಾಳಿ: ಅದನ್ನೇ ನಾನೂ ಹೇಳ್ತಿರೋದು, ಎಲ್ಲರಿಗೂ ಒಂದೇ ನಿಯಮ ಹೇರಬೇಡಿ.

ಹೊಂಗೆನೆರಳು: ಎಲ್ಲರೂ ರಾತ್ರಿಯೇ ಕುಡೀರಿ ಅಂತ ಶುರು ಮಾಡಿದ್ದು ಯಾರು?

ಮೂಲೆಮನೆ: ಇಬ್ಬರೂ ಸ್ವಲ್ಪ ತಡೀರಿ. ತಂದೆಯವರಿಗೆ ಹದಿನೈದು ಸಲ ಹೋಗಿ ಹೋಗಿ ಚರ್ಮ ಸುಲಿದು ರಕ್ತ ಬಂತು, ಅದು ನೆನಪಾಯ್ತು. ಮೊದಲ ಲೋಟಕ್ಕೆ ಮುಂಚೆಯೇ ವ್ಯಾಸಲೀನ್ ಹಚ್ಚಿಬಿಡಿ. ಪೇಪರ್‌ನಲ್ಲಿ ಉಜ್ಜಬೇಡಿ, ನೀರಲ್ಲಿ ತೊಳೆದು ಮೆತ್ತಗೆ ಒತ್ತಿ ಒರೆಸಿ. ಕೆಂಪು, ನೇರಳೆ ಬಣ್ಣದ ಯಾವ ಪಾನೀಯವೂ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತಂತೆ.

ಹೊಸಬಳು: ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ 4.45ಕ್ಕೆ ಅಲಾರಂ ಇಟ್ಟಿದ್ದೀನಿ. ಎರಡನೇ ಲೀಟರ್ ಈಗಾಗಲೇ ಫ್ರಿಜ್‌ನಲ್ಲಿದೆ. ಬಿಳಿಕೋಟು ಅಕ್ಕ, ಒಂದು ವಿಷಯ. ಅಲ್ಲಿಗೆ ಹೋಗೋಕೆ ಒಂದೂವರೆ ಗಂಟೆ ದಾರಿ. 6ಕ್ಕೆ ಕುಡಿದು ಮುಗಿಸಿದರೆ ದಾರಿಯಲ್ಲಿ ಏನು ಗತಿ?

ಬಿಳಿಕೋಟು: ಇದನ್ನ ಮೊದಲೇ ಹೇಳಬೇಕಿತ್ತಮ್ಮ. ಕೊನೆಯ ಲೋಟ ಆದ ಮೇಲೆ ಒಂದೆರಡು ಗಂಟೆ ಜೋರಾಗೇ ಬರುತ್ತೆ, ಆಮೇಲೆ ಇಳಿಯುತ್ತೆ. 4ಕ್ಕೇ ಶುರು ಮಾಡಿ 5ಕ್ಕೆ ಮುಗಿಸಿ, 10ಕ್ಕೆ ಸರಿಯಾಗಿ ಆರು ಗಂಟೆ ಮುಂಚೆ ಶುರುವಾದ ಹಾಗಾಯ್ತು, 7.30ಕ್ಕೆ ಹೊರಡಿ. ಪ್ಯಾಡ್ ಹಾಕಿಕೊಳ್ಳಿ, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ. ಅಲ್ಲಿ ಹೋದಮೇಲೂ ಕಂದು ಬಣ್ಣದ್ದು ಬಂದರೆ ಕೌಂಟರಿನಲ್ಲಿ ಹೇಳಿ, ನಾಚಿಕೊಂಡು ಸುಮ್ಮನಿರಬೇಡಿ.

ರಾತ್ರಿಪಾಳಿ: 4ಕ್ಕೆ ಎದ್ದು ಒಂದೂವರೆ ಗಂಟೆ ಕಾರಲ್ಲಾ? ಇದಕ್ಕಿಂತ ರಾತ್ರಿಯೇ ವಾಸಿ ಅಂತ ನಾನು ಈಗಲೂ ಹೇಳ್ತೀನಿ.

ಹೊಂಗೆನೆರಳು: ನೀವು ಹೇಳ್ತಾನೇ ಇರಿ. ಹೊಸಬಳು, 4ಕ್ಕೆ ನಾನೂ ಎದ್ದಿರ್ತೀನಿ, ಬೇಕಿದ್ದರೆ ಬರೀರಿ.